ಬಾಗಿಲ ಮೇಲೆ ‘ಸ್ವಾಗತ’, ಬಾಯಲ್ಲಿ ‘ಬನ್ನಿ’: ತಪ್ಪು ಕಲ್ಪನೆ ಮತ್ತು ವಾಸ್ತವ

ಒಂದು ಸಹಕಾರಿ ಬ್ಯಾಂಕು ಹೊಸ ಶಾಖೆ ತೆರೆಯುವಾಗಲೋ, ತಾಲ್ಲೂಕು ಆಸ್ಪತ್ರೆಯಲ್ಲಿ ಮಾಹಿತಿ ಕೊಡುವ ಕಿಟಕಿಯೊಂದನ್ನು ಮಾಡುವಾಗಲೋ ಎರಡು ಸಣ್ಣ ಮಾತುಗಳ ಬಗ್ಗೆ ದೊಡ್ಡ ಚರ್ಚೆ ಏಳುತ್ತದೆ. ಬಂದವರನ್ನು ಏನೆಂದು ಕರೆಯಬೇಕು? ಅವರ ಕೆಲಸವನ್ನು ಹೇಗೆ ವಿಚಾರಿಸಬೇಕು? ಒಬ್ಬರು ‘ಸುಸ್ವಾಗತ’ ಎನ್ನುತ್ತಾರೆ. ಇನ್ನೊಬ್ಬರು ಅದು ಸಂಸ್ಕೃತ, ‘ನಲ್ಬರವು’ ಎಂದಿರಲಿ ಎನ್ನುತ್ತಾರೆ. ಮೂರನೆಯವರು ಇವೆರಡೂ ಬೇಡ, ಜನರ ಬಾಯಲ್ಲಿರುವುದನ್ನೇ ಬರೆಯೋಣ ಎನ್ನುತ್ತಾರೆ. ‘ಸಹಾಯ’ ಮತ್ತು ‘ನೆರವು’ಗಳ ನಡುವೆಯೂ ಇದೇ ಜಗ್ಗಾಟ. ಈ ಚರ್ಚೆಯಲ್ಲಿ ಎಲ್ಲರೂ ಪದದ ಹುಟ್ಟೂರನ್ನು ನೋಡುತ್ತಾರೆ. ಆ ಮಾತನ್ನು ಯಾರು, ಎಲ್ಲಿ ನಿಂತು, ಯಾರಿಗೆ ಹೇಳುತ್ತಾರೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚಿನ ತಪ್ಪು ಕಲ್ಪನೆಗಳು ಅಲ್ಲಿಂದಲೇ ಶುರುವಾಗುತ್ತವೆ.

ತಪ್ಪು ಕಲ್ಪನೆ: ಸಂಸ್ಕೃತದಿಂದ ಬಂದದ್ದು ಪುಸ್ತಕದ ಮಾತು, ಕನ್ನಡದಲ್ಲೇ ಹುಟ್ಟಿದ್ದು ಆಡುಮಾತು

ಇದು ಎಲ್ಲಕ್ಕಿಂತ ಬಲವಾಗಿ ಬೇರೂರಿರುವ ನಂಬಿಕೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

‘ಸಹಾಯ’ ಸಂಸ್ಕೃತದ ಪದ, ಅದರಲ್ಲಿ ಅನುಮಾನವಿಲ್ಲ. ಆದರೆ ಗದ್ದೆಯಲ್ಲಿ ಗಾಡಿ ಹೂತುಹೋದಾಗ ರೈತ ಪಕ್ಕದ ಹೊಲದವನನ್ನು ಕೂಗುವುದು ‘ಸ್ವಲ್ಪ ಸಹಾಯ ಮಾಡ್ಬಾರಪ್ಪ’ ಎಂದೇ. ಹಳ್ಳಿಯ ಬಾಯಲ್ಲಿ ನಡುವಿನ ಹಕಾರ ಸವೆದು ಅದು ‘ಸಾಯ’ ಎಂದು ಕೇಳಿಸುವುದೂ ಉಂಟು. ಸಂಸ್ಕೃತದಲ್ಲಿ ‘ಸಹಾಯ’ ಎಂದರೆ ಮುಖ್ಯವಾಗಿ ಜೊತೆಗಾರ, ಜೊತೆಯಲ್ಲಿ ನಡೆಯುವವನು. ಅವನು ಮಾಡುವ ಉಪಕಾರಕ್ಕೆ ಅಲ್ಲಿ ‘ಸಾಹಾಯ್ಯ’ ಎಂಬ ಬೇರೆಯೇ ರೂಪವಿದೆ. ಕನ್ನಡಿಗರು ಜೊತೆಗಾರನ ಹೆಸರನ್ನು ತಂದು ಅವನ ಕೆಲಸಕ್ಕೆ ಇಟ್ಟುಕೊಂಡರು. ಅಂದರೆ ಇವತ್ತು ನಾವು ಬಳಸುವ ಅರ್ಥದಲ್ಲಿ ‘ಸಹಾಯ’ ಈ ನೆಲದಲ್ಲೇ ಪಳಗಿದ ಪದ. ‘ಉಪಕಾರ’, ‘ಕಷ್ಟ’, ‘ನಮಸ್ಕಾರ’, ‘ಮನಸ್ಸು’ ಇವೂ ಹಾಗೆಯೇ. ಎದುರಿಗೆ ಸಿಕ್ಕವರನ್ನು ‘ಏನ್ ಸಮಾಚಾರ?’ ಎಂದು ಕೇಳುವಾಗ ಸಂಸ್ಕೃತ ಮಾತಾಡುತ್ತಿದ್ದೇನೆ ಎಂದು ಯಾರಿಗೂ ಅನಿಸುವುದಿಲ್ಲ.

ಈಗ ‘ನೆರವು’ ನೋಡಿ. ಅಚ್ಚ ಕನ್ನಡದ ಪದ, ಚೆಂದದ ಪದ. ಆದರೆ ಅದು ಹೆಚ್ಚಾಗಿ ಬದುಕಿರುವುದು ಪತ್ರಿಕೆಯ ತಲೆಬರಹದಲ್ಲಿ, ಸರಕಾರದ ಪ್ರಕಟಣೆಯಲ್ಲಿ, ವೇದಿಕೆಯ ಭಾಷಣದಲ್ಲಿ. ಆರ್ಥಿಕ ನೆರವು, ಕೇಂದ್ರದ ನೆರವು, ನೆರೆ ಸಂತ್ರಸ್ತರಿಗೆ ನೆರವು ಎಂದು ಓದುತ್ತೇವೆ. ಅಡುಗೆಮನೆಯಿಂದ ‘ಸ್ವಲ್ಪ ನೆರವು ಕೊಡು ಬಾ’ ಎಂದು ಕೂಗುವ ತಾಯಿಯನ್ನು ಮಾತ್ರ ನಾನು ಕಂಡಿಲ್ಲ. ‘ಬರಮಾಡಿಕೊಳ್ಳು’ ಕೂಡ ಹೀಗೆಯೇ. ಅಚ್ಚ ಕನ್ನಡ, ಆದರೆ ಗಣ್ಯರು ಬಂದಿಳಿದಾಗಿನ ವರದಿಯ ಮಾತು. ‘ಎದುರುಗೊಳ್ಳು’ ಎಂಬುದಂತೂ ಕಾವ್ಯದ ಹತ್ತಿರಕ್ಕೆ ಹೋಗುತ್ತದೆ. ಕನ್ನಡ ಮೂಲದ ಪದವೇ ಹೆಚ್ಚು ಗ್ರಂಥಸ್ಥವೂ ಸಂಸ್ಕೃತ ಮೂಲದ ಪದವೇ ಹೆಚ್ಚು ಬಳಕೆಯದೂ ಆಗಿರುವ ಜೋಡಿ ಇದೊಂದೇ ಅಲ್ಲ.

ಹದಿಮೂರನೆಯ ಶತಮಾನದ ಆಂಡಯ್ಯನನ್ನು ಇಲ್ಲಿ ನೆನೆಯಬೇಕು. ‘ಕಬ್ಬಿಗರ ಕಾವ’ವನ್ನು ಅವನು ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು, ದೇಸಿ ಮತ್ತು ತದ್ಭವ ಪದಗಳಲ್ಲೇ ಕಟ್ಟಿದ. ಅದು ದೊಡ್ಡ ಸಾಧನೆ. ಆದರೆ ಆ ಕಾವ್ಯದ ಕನ್ನಡ ಆ ಕಾಲದ ಸಂತೆಯ ಕನ್ನಡವಲ್ಲ. ಪದಗಳನ್ನು ಅಳೆದು ಆರಿಸಿದ ಪಂಡಿತನ ಕನ್ನಡ ಅದು. ಅಚ್ಚಗನ್ನಡವನ್ನು ಕಟ್ಟುವುದು ಒಂದು ಕೆಲಸ, ಆಡುಗನ್ನಡವನ್ನು ಕಿವಿಗೊಟ್ಟು ಕೇಳುವುದು ಇನ್ನೊಂದು ಕೆಲಸ. ಎರಡಕ್ಕೂ ಬೆಲೆಯಿದೆ. ಕಿಟಕಿಯ ಮುಂದೆ ನಿಂತವರಿಗೆ ಬೇಕಾದದ್ದು ಎರಡನೆಯದು.

‘ನಲ್ಬರವು’ ಕೂಡ ಇದೇ ಬೆಳಕಿನಲ್ಲಿ ಕಾಣಬೇಕಾದ ಪದ. ತಮಿಳುನಾಡಿನ ಊರಬಾಗಿಲುಗಳಲ್ಲಿ ‘ನಲ್ವರವು’ ಎಂಬುದು ರೂಢಿಯ ಮಾತು, ಅದರ ಜಾಡಿನಲ್ಲೇ ಇದೂ ನಮ್ಮಲ್ಲಿಗೆ ಬಂದಿದೆ. ಬರವಣಿಗೆಯಲ್ಲಿ ಬಳಸಿ ಬಳಸಿ ರೂಢಿಗೆ ತರುವ ಹಂಬಲ ಇರುವವರು ಅದನ್ನು ಧಾರಾಳವಾಗಿ ಬಳಸಲಿ. ಹೊಸ ಪದಗಳು ಫಲಕಗಳಿಂದ ಬಾಯಿಗೆ ಇಳಿದ ಉದಾಹರಣೆ ನಮ್ಮಲ್ಲೇ ಇದೆ. ‘ನಿಲ್’ ಎಂಬ ಕನ್ನಡ ಧಾತುವಿಗೆ ‘ಸ್ಥಾನ’ದ ತದ್ಭವವಾದ ‘ತಾಣ’ ಸೇರಿ ಆದ ‘ನಿಲ್ದಾಣ’ ಇವತ್ತು ಎಲ್ಲರಿಗೂ ಗೊತ್ತು. ಆದರೆ ‘ನಲ್ಬರವು’ ಎಂದು ಬರೆದ ಮಾತ್ರಕ್ಕೆ ಜನರ ಮಾತನ್ನು ಬರೆದೆವು ಎಂದುಕೊಳ್ಳಬಾರದು. ಮೊದಲ ಸಲ ಅದನ್ನು ನೋಡುವ ಎಷ್ಟೋ ಜನ ಒಂದು ಕ್ಷಣ ತಡೆದು ಓದುತ್ತಾರೆ. ತುರ್ತಿನಲ್ಲಿ ಬರುವ ಜನರಿರುವ ಕಡೆ ಆ ಒಂದು ಕ್ಷಣವೂ ಭಾರವೇ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಚೇರಿಯ ಕನ್ನಡದಲ್ಲಿ ಇರುವುದು ಸಂಸ್ಕೃತ ಮತ್ತು ಕನ್ನಡ ಎಂಬ ಎರಡು ಪಾಲು ಮಾತ್ರವಲ್ಲ. ಅರ್ಜಿ, ರಶೀದಿ, ಖಾತೆ, ದಾಖಲೆ, ವಕೀಲ, ಕಚೇರಿ ಇವೆಲ್ಲ ಅರಬ್ಬಿ, ಪಾರಸಿ, ಹಿಂದುಸ್ತಾನಿಗಳ ದಾರಿಯಲ್ಲಿ ಬಂದವು. ಕೌಂಟರ್, ಫಾರಂ, ಟೋಕನ್ ಇಂಗ್ಲಿಷಿನವು. ಇವುಗಳನ್ನು ತಡೆಯಿಲ್ಲದೆ ಬಳಸುತ್ತ ‘ಸಹಾಯ’ದ ಮೇಲೆ ಮಾತ್ರ ಕಣ್ಣಿಡುವುದರಲ್ಲಿ ಅರ್ಥವಿಲ್ಲ.

ತಪ್ಪು ಕಲ್ಪನೆ: ಸಂಸ್ಕೃತ ಪದ ಬಳಸಿದರೆ ಗೌರವ ಹೆಚ್ಚು, ಆಡುಮಾತು ಒರಟು

ಕನ್ನಡದಲ್ಲಿ ಗೌರವ ನೆಲೆಸಿರುವುದು ನಾಮಪದದಲ್ಲಿ ಅಲ್ಲ. ಅದು ಸರ್ವನಾಮದಲ್ಲಿ, ಕ್ರಿಯಾಪದದ ಕೊನೆಯಲ್ಲಿ, ಕರೆಯುವ ಸಂಬಂಧವಾಚಕದಲ್ಲಿ ಇದೆ. ‘ನೀನು’ ಎಂಬುದು ‘ನೀವು’ ಆದಾಗ, ಅದು ಇನ್ನೂ ಮೇಲೇರಿ ‘ತಾವು’ ಆದಾಗ, ‘ಬಾ’ ಎಂಬುದು ‘ಬನ್ನಿ’ ಆದಾಗ ಗೌರವ ಬಂದುಬಿಟ್ಟಿತು. ಇವೆಲ್ಲವೂ ಅಚ್ಚ ಕನ್ನಡದ ರೂಪಗಳೇ. ಧಾರವಾಡದ ಕಡೆ ಒಂದು ‘ರೀ’ ಸೇರಿದರೆ ಸಾಕು, ಯಾವ ಮಾತೂ ಮರ್ಯಾದೆಯ ಮಾತಾಗುತ್ತದೆ. ‘ಅಮ್ಮಾ’, ‘ಅಜ್ಜೀ’, ‘ಯಜಮಾನ್ರೇ’, ‘ಅಣ್ಣಾ’ ಎಂಬ ಕರೆ ಎದುರಿನವರ ವಯಸ್ಸನ್ನು, ಸ್ಥಾನವನ್ನು ಗುರುತಿಸಿದ ಗುರುತು.

ಇದನ್ನು ಪರೀಕ್ಷಿಸುವುದು ಸುಲಭ. ‘ಸುಸ್ವಾಗತ, ನಿನಗೆ ಏನು ಬೇಕು?’ ಎಂದು ಹೇಳಿ ನೋಡಿ. ಸಂಸ್ಕೃತ ಪದವಿದೆ, ಆದರೂ ಕೇಳಿದವರ ಮುಖ ಕಂದುತ್ತದೆ. ‘ಬನ್ನಿ ಅಮ್ಮ, ಏನು ಬೇಕಿತ್ತು?’ ಎನ್ನಿ. ಒಂದೂ ಸಂಸ್ಕೃತ ಪದವಿಲ್ಲ, ಆದರೂ ಕೇಳಿದವರು ಹಗುರಾಗುತ್ತಾರೆ.

ಬಸವಣ್ಣನವರ ಪ್ರಸಿದ್ಧ ವಚನವೊಂದು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲು. ಮನೆಗೆ ಬಂದವರನ್ನು ಏನು ಬಂದಿರಿ ಎಂದು ವಿಚಾರಿಸುವುದು, ಕ್ಷೇಮ ಕೇಳುವುದು, ಕುಳಿತುಕೊಳ್ಳಲು ಹೇಳುವುದು, ಕೂಡಲೆ ಮಾತಾಡಿಸುವುದು, ಇದರಲ್ಲಿ ಹೋಗುವ ಗಂಟೇನು ಎಂದು ಅವರು ಕೇಳುತ್ತಾರೆ. ಆ ಇಡೀ ವಚನದಲ್ಲಿ ‘ಸ್ವಾಗತ’ ಎಂಬ ಪದವೇ ಇಲ್ಲ. ಬಂದವರನ್ನು ಆದರಿಸುವುದು ಎಂದರೆ ಅಲ್ಲಿ ನಾಲ್ಕು ಸರಳ ಕ್ರಿಯೆಗಳು. ಹನ್ನೆರಡನೆಯ ಶತಮಾನದ ಆ ಅನುಕ್ರಮ ಇವತ್ತಿಗೂ ನಮ್ಮ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಬನ್ನಿ, ಚೆನ್ನಾಗಿದ್ದೀರಾ, ಕೂತ್ಕೊಳಿ, ಮತ್ತೇನು ಸಮಾಚಾರ. ಮಾತು ನಡೆಯುವುದು ಈ ಸಾಲಿನಲ್ಲೇ.

ಸಂಸ್ಕೃತ ಬೇರು ಸೇರಿಯೂ ಬಹಳ ಮರ್ಯಾದೆಯಾಗಿ ಕೇಳಿಸುವ ಹಳೆಯ ಮಾತುಗಳು ಇಲ್ಲವೆಂದಲ್ಲ. ಮೈಸೂರಿನ ಹಿರಿಯರು ಬಾಗಿಲಲ್ಲಿ ‘ದಯಮಾಡಿಸಬೇಕು’ ಎನ್ನುತ್ತಿದ್ದರು. ಆದರೆ ಅಲ್ಲಿಯೂ ಮರ್ಯಾದೆ ಮೂಡಿಸುವುದು ‘ಮಾಡಿಸಬೇಕು’ ಎಂಬ ಕನ್ನಡದ ಕ್ರಿಯಾರೂಪವೇ.

ತಪ್ಪು ಕಲ್ಪನೆ: ‘ಸ್ವಾಗತ’ ಮತ್ತು ‘ಬನ್ನಿ’ ಒಂದರ ಜಾಗದಲ್ಲಿ ಇನ್ನೊಂದು ಕೂರುವ ಪದಗಳು

ಎರಡರ ಕೆಲಸವೇ ಬೇರೆ. ಒಂದೇ ಮನೆಯ ಮದುವೆಯನ್ನು ತೆಗೆದುಕೊಳ್ಳಿ. ಆಮಂತ್ರಣ ಪತ್ರಿಕೆಯ ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದಿರುತ್ತದೆ. ಛತ್ರದ ಕಮಾನಿನ ಮೇಲೆ ‘ಸುಸ್ವಾಗತ’ ಎಂದಿರುತ್ತದೆ. ಆ ಕಮಾನಿನ ಕೆಳಗೆ ನಿಂತ ಹೆಣ್ಣಿನ ತಂದೆ ಮಾತ್ರ ‘ಬನ್ನಿ ಬನ್ನಿ, ಈಗ ಬಂದ್ರಾ? ಮೊದಲು ಕಾಫಿ ತಗೊಳಿ’ ಎನ್ನುತ್ತಾರೆ. ಈ ಮೂರರಲ್ಲಿ ಯಾವುದೂ ತಪ್ಪಲ್ಲ. ಕಮಾನಿನ ಮೇಲೆ ‘ಈಗ ಬಂದ್ರಾ?’ ಎಂದು ಬರೆಸುವವರಿಲ್ಲ. ತಂದೆ ಕೈಮುಗಿದು ‘ಸುಸ್ವಾಗತ’ ಎಂದರೆ ಬಂದವರು ಗಲಿಬಿಲಿಗೊಳ್ಳುತ್ತಾರೆ.

ಕಾರಣ ಹೀಗಿದೆ. ‘ಸ್ವಾಗತ’ ನಾಮಪದ. ಅದು ಯಾರೂ ಇಲ್ಲದಿದ್ದರೂ ಗೋಡೆಯ ಮೇಲೆ ನಿಂತಿರಬಲ್ಲದು, ಎಲ್ಲರಿಗೂ ಒಟ್ಟಿಗೆ ಅನ್ವಯಿಸಬಲ್ಲದು. ‘ಬನ್ನಿ’ ಕ್ರಿಯಾಪದ. ಅದಕ್ಕೆ ಎದುರಿಗೆ ಒಬ್ಬರು ಬೇಕು. ಅದನ್ನು ಹೇಳಿದ ಮೇಲೆ ಹೇಳಿದವರಿಗೂ ಒಂದು ಹೊಣೆ ಬರುತ್ತದೆ, ಎದ್ದು ಜಾಗ ತೋರಿಸಬೇಕು, ಕುರ್ಚಿ ಎಳೆಯಬೇಕು. ಅದಕ್ಕೇ ಊರಿನ ಹೆಸರಿನ ಜೊತೆ ‘ಸ್ವಾಗತ’ ಹೊಂದುತ್ತದೆ: ‘ಶಿವಮೊಗ್ಗಕ್ಕೆ ಸ್ವಾಗತ’. ಅಲ್ಲಿ ‘ಶಿವಮೊಗ್ಗಕ್ಕೆ ಬನ್ನಿ’ ಎಂದು ಬರೆದರೆ ಅರ್ಥವೇ ಬದಲಾಗುತ್ತದೆ. ಅದು ಬೇರೆ ಊರಿನಲ್ಲಿ ಹಾಕಿದ ಪ್ರವಾಸೋದ್ಯಮದ ಜಾಹೀರಾತಾಗುತ್ತದೆ. ಬಂದಾಗಿರುವವರಿಗೆ ‘ಸ್ವಾಗತ’, ಬರಬೇಕಾದವರಿಗೂ ಬಾಗಿಲಲ್ಲಿ ನಿಂತವರಿಗೂ ‘ಬನ್ನಿ’.

ಫಲಕ ಬರೆಯುವಾಗ ಆಗುವ ಒಂದು ಎಡವಟ್ಟನ್ನೂ ಹೇಳಬೇಕು. ‘ನಿಮಗೆ ನಮ್ಮ ಬ್ಯಾಂಕಿಗೆ ಸ್ವಾಗತ’ ಎಂದು ಎರಡು ಚತುರ್ಥಿಗಳನ್ನು ಒಟ್ಟಿಗೆ ತುರುಕುತ್ತಾರೆ. ‘ನಮ್ಮ ಬ್ಯಾಂಕಿಗೆ ಸ್ವಾಗತ’ ಎಂದರೆ ಸಾಕು. ‘ನಿಮಗೆ’ ಬೇಕೇ ಬೇಕೆಂದಿದ್ದರೆ ‘ನಿಮಗೆ ಆದರದ ಸ್ವಾಗತ’ ಎಂದು ನಿಲ್ಲಿಸಬಹುದು.

ತಪ್ಪು ಕಲ್ಪನೆ: ‘ಸುಸ್ವಾಗತ’ ತಪ್ಪು ರೂಪ

‘ಸು’ ಮತ್ತು ‘ಆಗತ’ ಸೇರಿ ‘ಸ್ವಾಗತ’ ಆಗಿರುವಾಗ ಇನ್ನೊಂದು ‘ಸು’ ಏಕೆ ಎಂಬ ಆಕ್ಷೇಪ ಹಳೆಯದು. ಬಿಡಿಸಿ ನೋಡಿದರೆ ಒಂದೇ ಉಪಸರ್ಗ ಎರಡು ಸಲ ಬಂದಿರುವುದು ನಿಜ. ಆದರೆ ಕನ್ನಡಿಗರು ‘ಸ್ವಾಗತ’ವನ್ನು ಬಿಡಿಸಿ ಕೇಳುವುದಿಲ್ಲ, ಅದು ನಮಗೆ ಒಂದೇ ಗಟ್ಟಿ ಪದ. ಜಾತ್ರೆಯ ಕಮಾನಿನ ಮೇಲೆ ‘ಸುಸ್ವಾಗತ’ ನಿಂತರೆ ನಿಲ್ಲಲಿ. ಚಿಕ್ಕ ಫಲಕಕ್ಕೆ ‘ಸ್ವಾಗತ’ ಸಾಕು.

ತಪ್ಪು ಕಲ್ಪನೆ: ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎಂಬುದು ಸಭ್ಯ ಕನ್ನಡ. ಭಾರವೆನಿಸಿದರೆ ‘ಸಹಾಯ’ ತೆಗೆದು ‘ನೆರವು’ ಹಾಕಿದರಾಯಿತು

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ಈ ವಾಕ್ಯದ ತೊಡಕು ‘ಸಹಾಯ’ ಎಂಬ ಪದದಲ್ಲಿಲ್ಲ, ವಾಕ್ಯದ ಕಟ್ಟಿನಲ್ಲಿದೆ. ಇಂಗ್ಲಿಷಿನ ವಾಕ್ಯವನ್ನು ಪದಕ್ಕೆ ಪದ ಇಟ್ಟು ಕನ್ನಡಿಸಿದ ಕಟ್ಟು ಅದು. ‘ಹೇಗೆ ಮಾಡಬಹುದು’ ಎಂದರೆ ಕನ್ನಡದ ಕಿವಿಗೆ ‘ಯಾವ ವಿಧಾನದಿಂದ ಮಾಡಲು ಸಾಧ್ಯ’ ಎಂದು ಕೇಳಿಸುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ವಿಧಾನವನ್ನು ಹೇಳಬೇಕು. ಬಂದವರಿಗೆ ವಿಧಾನ ಗೊತ್ತಿಲ್ಲದ್ದರಿಂದಲೇ ಅವರು ಕಿಟಕಿಯ ಮುಂದೆ ನಿಂತಿದ್ದಾರೆ. ‘ಸಹಾಯ’ದ ಜಾಗದಲ್ಲಿ ‘ನೆರವು’ ಇಟ್ಟರೆ ಈ ಕಟ್ಟು ಹಾಗೆಯೇ ಉಳಿಯುತ್ತದೆ. ಮೊದಲು ಅನುವಾದದಂತೆ ಇದ್ದದ್ದು ಈಗ ಅನುವಾದದ ಜೊತೆಗೆ ಪ್ರಕಟಣೆಯಂತೆಯೂ ಕೇಳಿಸುತ್ತದೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ತಾಲ್ಲೂಕು ಆಸ್ಪತ್ರೆ, ಬೆಳಗ್ಗೆ ಹತ್ತು ಗಂಟೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರೆದುಕೊಟ್ಟ ಚೀಟಿ ಹಿಡಿದು ಅರವತ್ತು ದಾಟಿದ ಹೆಂಗಸೊಬ್ಬರು ಬರುತ್ತಾರೆ. ಮಂಡಿಯ ಎಕ್ಸ್‌ರೇ ಆಗಬೇಕು. ಎಕ್ಸ್‌ರೇ ಕೊಠಡಿ ಎಲ್ಲಿದೆ, ಮೊದಲು ಹೊರರೋಗಿ ಚೀಟಿ ಮಾಡಿಸಬೇಕೇ, ದುಡ್ಡು ಕಟ್ಟಬೇಕೇ, ಒಂದೂ ಗೊತ್ತಿಲ್ಲ. ಕಿಟಕಿಯ ಮೇಲೆ ‘ವಿಚಾರಣೆ’ ಎಂದು ಬರೆದಿದೆ. ರೈಲ್ವೆ ನಿಲ್ದಾಣದಲ್ಲಿ ಓಡಾಡಿದವರಿಗೆ ಇದು ಕೇಳಿ ತಿಳಿಯುವ ಜಾಗ ಎಂದು ಗೊತ್ತು. ಉಳಿದವರಿಗೆ ‘ವಿಚಾರಣೆ’ ಪೊಲೀಸ್ ಠಾಣೆಯಲ್ಲೋ ಕೋರ್ಟಿನಲ್ಲೋ ನಡೆಯುವುದು. ಅವರು ಸ್ವಲ್ಪ ದೂರದಲ್ಲೇ ನಿಲ್ಲುತ್ತಾರೆ.

ಒಳಗಿನ ಸಿಬ್ಬಂದಿ ತರಬೇತಿಯಲ್ಲಿ ಕಲಿತದ್ದನ್ನು ಹೇಳುತ್ತಾರೆ: ‘ಸ್ವಾಗತ. ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಆಕೆ ‘ಆ?’ ಎನ್ನುತ್ತಾರೆ. ಮತ್ತೆ ಹೇಳಿದಾಗ ‘ಸಹಾಯ ಏನೂ ಬೇಡಪ್ಪ, ದುಡ್ಡು ತಂದಿದೀನಿ’ ಎಂದುಬಿಡಬಹುದು. ಇದು ಅವರ ಅಜ್ಞಾನವಲ್ಲ. ದಿನಬಳಕೆಯಲ್ಲಿ ‘ಸಹಾಯ’ ಎಂದರೆ ಕೈಸಾಲ, ಸಹಾಯಧನ, ಕಷ್ಟದಲ್ಲಿ ಒದಗುವ ದುಡ್ಡು ಎಂಬ ಛಾಯೆ ಗಾಢವಾಗಿದೆ. ‘ಸಹಾಯ ಬೇಕಾ?’ ಎಂದು ಕೇಳಿಸಿಕೊಂಡ ಸ್ವಾಭಿಮಾನಿಗಳು ಮೊದಲು ಬೇಡ ಎನ್ನುವುದೇ ವಾಡಿಕೆ. ‘ನೆರವು’ ಎಂದಿದ್ದರೆ ಈ ಛಾಯೆ ಇನ್ನಷ್ಟು ದಟ್ಟವಾಗುತ್ತಿತ್ತು, ಏಕೆಂದರೆ ಅದು ಪರಿಹಾರದ ಸುದ್ದಿಯ ಜೊತೆಗೇ ಓಡಾಡುವ ಪದ.

ಅದೇ ಸಿಬ್ಬಂದಿ ಹೀಗೆ ಹೇಳಲಿ: ‘ಬನ್ನಿ ಅಮ್ಮ. ಏನಾಗಬೇಕಿತ್ತು?’ ಉತ್ತರ ತಡವಿಲ್ಲದೆ ಬರುತ್ತದೆ: ‘ಎಕ್ಸ್‌ರೇ ತೆಗೆಸ್ಬೇಕಿತ್ತು’. ಪ್ರಶ್ನೆ ‘ಬೇಕಿತ್ತು’ ಎಂದು ಮುಗಿಯಿತು, ಉತ್ತರವೂ ‘ಬೇಕಿತ್ತು’ ಎಂದೇ ಮುಗಿಯಿತು. ಪ್ರಶ್ನೆ ಸರಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಬಂದವರ ಮೊದಲ ಮಾತೇ ಅವರ ಕೆಲಸವಾಗಿದ್ದರೆ ಪ್ರಶ್ನೆ ನೆಟ್ಟಗಿದೆ. ಮೊದಲ ಮಾತು ‘ಆ?’ ಅಥವಾ ‘ಏನಂದ್ರಿ?’ ಎಂದಾದರೆ ಪ್ರಶ್ನೆಯನ್ನು ತಿದ್ದಬೇಕು.

‘ಏನು ಬೇಕು?’ ಎಂಬುದಕ್ಕೂ ‘ಏನು ಬೇಕಿತ್ತು?’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಆಗಬೇಕಾದ ಕೆಲಸ ಇನ್ನೂ ಮುಂದಿದೆ, ಆದರೂ ಕ್ರಿಯಾಪದ ಭೂತಕಾಲದಲ್ಲಿದೆ. ಕನ್ನಡ ತನ್ನ ವಿನಯವನ್ನು ಇಟ್ಟಿರುವುದು ಈ ‘ಇತ್ತು’ವಿನಲ್ಲಿ. ನೇರ ಬೇಡಿಕೆಯನ್ನು ಅದು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಮೃದುವಾಗಿಸುತ್ತದೆ. ಅಂಗಡಿಯಲ್ಲಿ ‘ಒಂದು ಕೆಜಿ ಸಕ್ಕರೆ ಬೇಕಿತ್ತು’ ಎನ್ನುತ್ತೇವೆ, ಫೋನಿನಲ್ಲಿ ‘ಯಾರು ಬೇಕಿತ್ತು?’ ಎನ್ನುತ್ತೇವೆ. ಯಾವ ತರಬೇತಿಯೂ ಇಲ್ಲದೆ ಎಲ್ಲರಿಗೂ ಬರುವ ಸೌಜನ್ಯ ಇದು. ಕಚೇರಿಯ ಮಾತು ಕಲಿಸುವವರು ಇದನ್ನು ಬಿಟ್ಟು ಅನುವಾದದ ವಾಕ್ಯವನ್ನು ಬಾಯಿಪಾಠ ಮಾಡಿಸುತ್ತಾರಲ್ಲ ಎಂದು ನನಗೆ ನೋವಾಗುತ್ತದೆ.

‘ಇತ್ತು’ವನ್ನು ಕಳಚಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ‘ಏನಾಗ್ಬೇಕು?’ ಎಂದು ಮೊಟಕಾಗಿ ಕೇಳಿದರೆ ಅದು ಜಗಳಕ್ಕೆ ಕರೆದಂತೆ. ಆಸ್ಪತ್ರೆಯಲ್ಲಿ ಇನ್ನೊಂದು ಗೊಂದಲವೂ ಇದೆ: ‘ಅವರು ನಿಮಗೆ ಏನಾಗಬೇಕು?’ ಎಂದರೆ ರೋಗಿಗೂ ನಿಮಗೂ ಸಂಬಂಧವೇನು ಎಂದರ್ಥ. ಒಂದು ‘ಇತ್ತು’ ಬಿಟ್ಟುಹೋದರೆ ಕೆಲಸ ಕೇಳುವ ಪ್ರಶ್ನೆ ನೆಂಟಸ್ತಿಕೆ ಕೇಳುವ ಪ್ರಶ್ನೆಯಾಗಬಹುದು.

ಇಷ್ಟಾದ ಮೇಲೆ ನಿಜವಾದ ಸಹಾಯದ ಮಾತು ಬರುತ್ತದೆ, ಅದರಲ್ಲಿಯೂ ‘ಸಹಾಯ’ ಎಂಬ ಪದ ಬೇಕಾಗುವುದಿಲ್ಲ. ‘ಚೀಟಿ ಕೊಡಿ, ನೋಡ್ತೀನಿ. ಮೊದಲು ಪಕ್ಕದ ಕಿಟಕೀಲಿ ಹೆಸರು ಬರೆಸ್ಬೇಕು. ಫಾರಂ ನಾನೇ ಬರೆದುಕೊಡ್ಲಾ?’ ಕೊನೆಯ ವಾಕ್ಯದ ಎರಡು ತುಣುಕುಗಳನ್ನು ನೋಡಿ. ‘ಬರೆದುಕೊಡು’ ಎಂಬಲ್ಲಿನ ‘ಕೊಡು’ ಏನನ್ನೂ ಕೈಗೆ ಕೊಡುವುದಿಲ್ಲ. ನಿಮ್ಮ ಸಲುವಾಗಿ ಮಾಡುತ್ತೇನೆ ಎಂಬುದನ್ನು ಅದು ಹೇಳುತ್ತದೆ. ಹೇಳಿಕೊಡು, ತೋರಿಸಿಕೊಡು, ಹುಡುಕಿಕೊಡು, ಓದಿಕೊಡು ಎಲ್ಲದರಲ್ಲೂ ಅದೇ ಅರ್ಥ. ಇಂಗ್ಲಿಷ್ ಒಂದು ಪ್ರತ್ಯೇಕ ಪದದಿಂದ ಹೇಳುವುದನ್ನು ಕನ್ನಡ ಕ್ರಿಯಾಪದದ ಬಾಲದಲ್ಲಿ ಕಟ್ಟಿಟ್ಟಿದೆ. ಇನ್ನು ‘ಕೊಡ್ಲಾ’ ಎಂಬುದರ ‘ಲಾ’, ಬರವಣಿಗೆಯಲ್ಲಿ ‘ಕೊಡಲೇ’ ಎಂಬುದರ ‘ಲೇ’, ಎದುರಿನವರ ಒಪ್ಪಿಗೆ ಕೇಳುವ ರೂಪ. ‘ಕಾಫಿ ತರ್ಲಾ?’, ‘ಆಟೋ ಕರೀಲಾ?’ ಎಂಬಲ್ಲಿ ಇರುವುದು ಅದೇ. ಇವೆರಡೂ ಸೇರಿದರೆ ‘ನಿಮಗಾಗಿ ಮಾಡಲು ಸಿದ್ಧನಿದ್ದೇನೆ, ನೀವು ಒಪ್ಪಿದರೆ’ ಎಂಬಷ್ಟೂ ಅರ್ಥ ಒಂದೇ ಪದದಲ್ಲಿ ಬಂದುಬಿಡುತ್ತದೆ. ಸಹಾಯವೋ ನೆರವೋ ಎಂದು ಜಗ್ಗಾಡುವ ಬದಲು ಈ ‘ಕೊಡು’ವನ್ನು ಸಿಬ್ಬಂದಿಗೆ ನೆನಪಿಸುವುದು ಹೆಚ್ಚು ಉಪಯೋಗದ ಕೆಲಸ.

ಹಾಗಾದರೆ ‘ಸಹಾಯ’ಕ್ಕೆ ಜಾಗವೇ ಇಲ್ಲವೇ? ಖಂಡಿತ ಇದೆ. ಕಷ್ಟ ಕಣ್ಣಿಗೆ ಕಾಣುತ್ತಿರುವಲ್ಲಿ ಅದೇ ಸರಿಯಾದ ಪದ. ಮೆಟ್ಟಿಲ ಮೇಲೆ ಸಾಮಾನು ಹೊತ್ತು ಏದುಸಿರು ಬಿಡುತ್ತಿರುವವರಿಗೆ ‘ಸಹಾಯ ಮಾಡ್ಲಾ?’ ಎನ್ನುವುದು ಸಹಜ. ‘ಸಹಾಯವಾಣಿ’ ಎಂಬ ಪದವಂತೂ ಪೂರ್ತಿ ಸಂಸ್ಕೃತದಿಂದ ಕಟ್ಟಿದ್ದಾದರೂ ಗೆದ್ದಿದೆ. ಮಕ್ಕಳ ಸಹಾಯವಾಣಿ 1098, ವಿದ್ಯುತ್ ದೂರಿನ 1912, ತುರ್ತು ಕರೆಯ 112 ಎಂದು ಮತ್ತೆ ಮತ್ತೆ ಕೇಳಿ ಅದು ಜನರ ಪದವಾಗಿದೆ. ಅದನ್ನು ಬದಲಿಸಲು ಹೊರಡುವುದು ಬೇಡದ ಸಾಹಸ. ಇನ್ನು ಕಿಟಕಿಯ ಮೇಲಿನ ‘ವಿಚಾರಣೆ’ಗೆ ಬದಲಾಗಿ ‘ಇಲ್ಲಿ ಕೇಳಿ’ ಎಂದು ಬರೆಯಬಹುದು. ಅಕ್ಷರ ಕೂಡಿಸಿ ಓದುವವರಿಗೂ ಅದು ದಕ್ಕುತ್ತದೆ, ಓದಿದ ಕೂಡಲೇ ಏನು ಮಾಡಬೇಕೆಂದು ತಿಳಿಯುತ್ತದೆ. ಸ್ವಲ್ಪ ಗಂಭೀರವಾಗಿರಲಿ ಎನ್ನುವವರು ‘ಮಾಹಿತಿಗೆ ಇಲ್ಲಿ ಕೇಳಿ’ ಎನ್ನಬಹುದು.

ತಪ್ಪು ಕಲ್ಪನೆ: ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು

ಈ ಹಿಂಜರಿಕೆಗೆ ಶಾಲೆಯಲ್ಲಿ ಕಲಿತ ಅರಿಸಮಾಸದ ಪಾಠ ಕಾರಣ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸವಾಗಿ ಹೆಣೆಯುವುದನ್ನು ದೋಷವೆಂದಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅದನ್ನು ನಿಯಮವಾಗಿ ಹೇಳಿ, ಹಿಂದಿನವರು ಬಳಸಿದ ರೂಪಗಳಿಗೂ ಬಿರುದುಗಳಿಗೂ ವಿನಾಯಿತಿ ಕೊಟ್ಟ. ಗಮನಿಸಬೇಕಾದದ್ದು, ಆ ನಿಯಮ ಸಮಾಸದ್ದು, ವಾಕ್ಯದ್ದಲ್ಲ. ‘ಸ್ವಾಗತ ಕೋರುತ್ತೇನೆ’ ಎಂಬ ಸಭೆಯ ಮಾತಿನಲ್ಲೇ ‘ಸ್ವಾಗತ’ ಸಂಸ್ಕೃತದ್ದು, ‘ಕೋರು’ ನಮ್ಮದು. ‘ನಮಸ್ಕಾರ, ಬನ್ನಿ’ ಎಂಬುದರಲ್ಲಿಯೂ ಹಾಗೆಯೇ. ಎರಡೂ ಸುಖವಾಗಿ ಕೂಡಿವೆ.

ಕಿವಿಗೆ ಒಡೆದು ಕೇಳಿಸುವುದು ಮೂಲಗಳ ಬೆರಕೆಯಲ್ಲ, ಮಾತಿನ ಮಟ್ಟಗಳ ಬೆರಕೆ. ‘ತಮ್ಮ ಶುಭಾಗಮನಕ್ಕೆ ಹೃತ್ಪೂರ್ವಕ ಸ್ವಾಗತ, ಕೂತ್ಕೊಳಿ’ ಎಂಬಲ್ಲಿ ಮೊದಲ ಭಾಗ ವೇದಿಕೆಯದು, ಎರಡನೆಯದು ಜಗಲಿಯದು. ‘ನಮಸ್ಕಾರ, ಬನ್ನಿ, ಕೂತ್ಕೊಳಿ’ ಎಂದರೆ ಒಂದೇ ಮಟ್ಟದಲ್ಲಿ ಹರಿಯುತ್ತದೆ.

ತಪ್ಪು ಕಲ್ಪನೆ: ಆಡುಮಾತು ಎಂದರೆ ಎಲ್ಲೆಡೆ ಒಂದೇ, ಅದನ್ನೇ ಎಲ್ಲ ಕಡೆ ಬರೆದುಬಿಡಬಹುದು

ಮೈಸೂರು ಸೀಮೆಯ ‘ಬನ್ನಿ, ಕೂತ್ಕೊಳಿ’ ಧಾರವಾಡದಲ್ಲಿ ‘ಬರ್ರಿ, ಕುಂದರ್ರಿ’ ಆಗುತ್ತದೆ. ‘ಏನಾಗಬೇಕಿತ್ತು?’ ಎಂಬುದು ಅಲ್ಲಿ ‘ಏನ್ ಬೇಕಾಗಿತ್ರಿ?’ ಆಗಬಹುದು, ದಕ್ಷಿಣ ಕನ್ನಡದಲ್ಲಿ ‘ಎಂತ ಬೇಕಿತ್ತು?’ ಆಗಬಹುದು. ಕರಾವಳಿಯಲ್ಲಿ ಇನ್ನೂ ಒಂದು ವಿಶೇಷವಿದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಬಹಳ ಜನರಿಗೆ ಕನ್ನಡ ಶಾಲೆಯ ದಾರಿಯಲ್ಲಿ ಬಂದದ್ದು. ‘ಕುಳಿತುಕೊಳ್ಳಿ’ ಎಂಬ ಪೂರ್ತಿ ರೂಪ ಅಲ್ಲಿ ಬಾಯಿಮಾತಿನಲ್ಲೂ ಸಹಜವಾಗಿ ಕೇಳಿಸುತ್ತದೆ. ಬೆಂಗಳೂರಿನ ಎಳೆಯರ ನಡುವೆ ‘ಏನಾದ್ರೂ ಹೆಲ್ಪ್ ಬೇಕಾ?’ ಎಂಬುದೇ ಆಡುಮಾತು, ಅದನ್ನು ಮುಚ್ಚಿಡುವುದರಲ್ಲಿ ಲಾಭವಿಲ್ಲ.

ಆದ್ದರಿಂದ ಬಾಯಿಯ ಮಾತನ್ನು ಆಯಾ ಊರಿಗೆ ಬಿಡಬೇಕು. ಕಲಬುರಗಿಯ ಸಿಬ್ಬಂದಿಗೆ ಮೈಸೂರಿನ ವಾಕ್ಯವನ್ನು ಅಚ್ಚು ಹಾಕಿ ಕೊಡಬಾರದು. ಕೇಳುವ ಕ್ರಮವನ್ನು ಮಾತ್ರ ಹೇಳಿಕೊಡಬೇಕು: ಕರೆಯಿರಿ, ಕೂರಲು ಹೇಳಿ, ‘ಇತ್ತು’ ಸೇರಿಸಿ ಕೆಲಸ ಕೇಳಿ, ‘ಕೊಡ್ಲಾ’ ಎಂದು ಮುಂದಾಗಿ. ಪದಗಳನ್ನು ಅವರ ಊರು ಒದಗಿಸುತ್ತದೆ. ಫಲಕದ ಮಾತು ಬೇರೆ. ಅದನ್ನು ಹೊರಗಿನವರೂ ಓದುತ್ತಾರೆ, ಕನ್ನಡ ಕಲಿಯುತ್ತಿರುವವರೂ ಓದುತ್ತಾರೆ. ಅಲ್ಲಿ ‘ಸ್ವಾಗತ’, ‘ಬನ್ನಿ’, ‘ಇಲ್ಲಿ ಕೇಳಿ’ಯಂಥ ಎಲ್ಲ ಸೀಮೆಗೂ ಸಲ್ಲುವ ರೂಪಗಳೇ ಇರಲಿ.

ಫೋನಿನಲ್ಲಿ ಮಾತ್ರ ಈ ಕ್ರಮ ಸ್ವಲ್ಪ ಬದಲಾಗುತ್ತದೆ. ಅಲ್ಲಿ ‘ಬನ್ನಿ’ ಎನ್ನಲು ಬಾಗಿಲಿಲ್ಲ, ‘ಕೂತ್ಕೊಳಿ’ ಎನ್ನಲು ಕುರ್ಚಿಯಿಲ್ಲ. ಮೊದಲೇ ಮುದ್ರಿಸಿದ ದನಿ ‘ಸಹಾಯವಾಣಿಗೆ ಸ್ವಾಗತ’ ಎನ್ನಲಿ, ಅದು ಫಲಕದ ಕೆಲಸವನ್ನೇ ಮಾಡುತ್ತಿದೆ. ಮನುಷ್ಯರು ಕರೆ ಎತ್ತಿಕೊಂಡ ಮೇಲೆ ‘ನಮಸ್ಕಾರ’ ಎಂದು ಸಂಸ್ಥೆಯ ಹೆಸರು ಹೇಳಿ ‘ಹೇಳಿ’ ಎಂದರೆ ಸಾಕು. ಆ ‘ಹೇಳಿ’ಯನ್ನು ದನಿ ತಗ್ಗಿಸಿ, ಸ್ವಲ್ಪ ಎಳೆದು ಹೇಳಬೇಕು, ಥಟ್ಟನೆ ಕತ್ತರಿಸಿದರೆ ಗದರಿದಂತಾಗುತ್ತದೆ. ಆ ಕಡೆಯವರು ತಡವರಿಸಿದರೆ ‘ಏನು ವಿಷಯ ಹೇಳಿ, ಬರೆದುಕೊಳ್ತೀನಿ’ ಎಂದು ಸೇರಿಸಬಹುದು. ‘ವಿಷಯ’ ಸಂಸ್ಕೃತದ್ದು, ‘ಬರೆದುಕೊಳ್ತೀನಿ’ ಕನ್ನಡದ್ದು, ಕರೆ ಮಾಡಿದವರು ಕಾಯುತ್ತಿರುವುದು ತಮ್ಮ ಮಾತನ್ನು ಯಾರಾದರೂ ಬರೆದುಕೊಳ್ಳಲಿ ಎಂದು.